ಪ್ರಬಂಧದ ಕೊನೆಯ ಸಾಲು

ನಮ್ಮ ಕೈಸೇರುವ ಪ್ರಬಂಧಗಳಲ್ಲಿ ಹಲವು, ಮುಗಿಯುವ ಹೊತ್ತಿಗೆ ಉಪದೇಶಕ್ಕಿಳಿಯುತ್ತವೆ. ಜಾರ್ಜ್ ಆರ್ವೆಲ್ 1931ರಲ್ಲಿ ಪ್ರಕಟಿಸಿದ ‘ಎ ಹ್ಯಾಂಗಿಂಗ್’ ಪ್ರಬಂಧವನ್ನು ನೋಡಿ. ಬರ್ಮಾದ ಸೆರೆಮನೆ. ನೇಣುಗಂಬದತ್ತ ನಡೆದಿರುವ ಕೈದಿ, ದಾರಿಯಲ್ಲಿ ನಿಂತ ನೀರನ್ನು ತುಳಿಯದಂತೆ ಪಕ್ಕಕ್ಕೆ ಸರಿಯುತ್ತಾನೆ. ತುಂಬಿದ ಜೀವವನ್ನು ಕಡಿದುಹಾಕುವುದು ತಪ್ಪೆಂಬ ಮಾತನ್ನು ಲೇಖಕರು ಅಲ್ಲಿಯೇ, ನಡುವಿನಲ್ಲೇ, ಆಡಿಬಿಡುತ್ತಾರೆ. ಕೊನೆಗೆ ಉಳಿಯುವುದು ಬರಿಯ ನೋಟ: ಎಲ್ಲರೂ ಕೂಡಿ ಕುಡಿದು ನಗುತ್ತಿದ್ದಾರೆ, ಲೇಖಕರೂ ಸಹ, ಸತ್ತವನು ನೂರು ಗಜದಾಚೆ ಇದ್ದಾನೆ. ಆ ನೂರು ಗಜ ನಮ್ಮನ್ನು ಚುಚ್ಚುವುದು, ಆ ಹೆಜ್ಜೆಯನ್ನು ನಾವು ಮೊದಲೇ ಕಂಡಿದ್ದರಿಂದ. ಅದಿಲ್ಲದಿದ್ದರೆ ಈ ಮುಕ್ತಾಯ ಬರಿಯ ಚಮತ್ಕಾರವಾಗುತ್ತಿತ್ತು.

ತಮ್ಮ ಪ್ರಬಂಧದ ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ ನೋಡಿ. ಏನೂ ಕಳೆಯದಿದ್ದರೆ ಹೊಡೆದುಹಾಕಿ. ಕೊರತೆ ಕಂಡರೆ ನಡುವಿನ ಪುಟಕ್ಕೆ ಹಿಂತಿರುಗಿ, ಅಂಥದೊಂದು ಹೆಜ್ಜೆ ಅಲ್ಲಿದೆಯೇ ಎಂದು ಹುಡುಕಿ.