ಹೈಲೈಟ್ಸ್ ಅಂತ ಬರೆದೆ, ಸ್ಟ್ರೈಕ್ ಬಂತು

ಪುಣೆಯಲ್ಲಿರುವ ನಮ್ಮ ಕನ್ನಡ ಸಂಘಕ್ಕೊಂದು ಯೂಟ್ಯೂಬ್ ಚಾನೆಲ್ ಇದೆ. ರಾಜ್ಯೋತ್ಸವದಲ್ಲಿ ಮಕ್ಕಳು ಹಾಡಿದ್ದು, ಈಗ ನಮ್ಮೊಂದಿಗಿಲ್ಲದ ಹಿರಿಯರು ಮಾತನಾಡಿದ್ದು ಎಲ್ಲ ಅದರಲ್ಲೇ ಇದೆ. ಸಾಫ್ಟ್‌ವೇರ್ ಎಂಜಿನಿಯರ್ ಎಂಬ ಕಾರಣಕ್ಕೆ ಅದರ ಪಾಸ್‌ವರ್ಡ್ ನನ್ನ ಕೈಗೆ ಬಂದಿತ್ತು.

ಕರ್ನಾಟಕ ತಂಡ ಮುಂಬೈನ ವಾಂಖೆಡೆಯಲ್ಲಿ ತಮಿಳುನಾಡನ್ನು ಸೋಲಿಸಿ ರಣಜಿ ಗೆದ್ದು ಹತ್ತು ವರ್ಷವಾದ ಸಂದರ್ಭದಲ್ಲಿ ಒಂದು ವಿಡಿಯೊ ಮಾಡಿದೆ. ಮಾತು ನನ್ನದೇ, ಸ್ಕೋರ್ ಪಟ್ಟಿಯೂ ನಾನೇ ಮಾಡಿದ್ದು. ನಡುವೆ ಮಾತ್ರ ಟಿವಿ ಪ್ರಸಾರದ 40 ಸೆಕೆಂಡು ದೃಶ್ಯ ಸೇರಿಸಿದ್ದೆ. ಶೀರ್ಷಿಕೆ ‘ಕರ್ನಾಟಕ ರಣಜಿ ಫೈನಲ್ 2014 ಫುಲ್ ಹೈಲೈಟ್ಸ್ ಎಚ್‌ಡಿ’. ವಿವರಣೆಯಲ್ಲಿ ಎಲ್ಲರೂ ಬರೆಯುವ ಸಾಲು: ‘ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿಲ್ಲ.’

ಕೆಲವೇ ದಿನಗಳಲ್ಲಿ ವಿಡಿಯೊ ಹೋಯಿತು, ಚಾನೆಲ್‌ಗೆ ಒಂದು ಸ್ಟ್ರೈಕ್ ಬಿತ್ತು. 90 ದಿನಗಳೊಳಗೆ ಇಂಥವು ಮೂರಾದರೆ ಚಾನೆಲ್ಲೇ ಮುಚ್ಚಿಹೋಗಬಹುದು. ಧಾರವಾಡದವರಾದ ನಮ್ಮ ಕಾರ್ಯದರ್ಶಿಗಳು ಫೋನ್ ಮಾಡಿ, ‘ತಮ್ಮಾ, ನಿನ್ನ ಕ್ರಿಕೆಟ್ ಸಲುವಾಗಿ ನಮ್ಮ ಹುಡುಗೂರ ಹಾಡೂ ಹೋಗತಾವೇನು?’ ಎಂದರು. ಉತ್ತರಿಸಲಾಗಲಿಲ್ಲ.

ಆಮೇಲೆ ಕುಳಿತು ನನ್ನ ತಪ್ಪುಗಳನ್ನು ಬಿಡಿಸಿ ನೋಡಿದೆ. ದೊಡ್ಡದು ಆ 40 ಸೆಕೆಂಡು. ಪಂದ್ಯದಲ್ಲಿ ನಡೆದದ್ದು ಯಾರ ಸ್ವತ್ತೂ ಅಲ್ಲ. ತಂಡಗಳ ಹೆಸರು, ದಿನಾಂಕ, ಸ್ಕೋರ್ ಇವನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಕ್ಯಾಮೆರಾ ಹಿಡಿದ ದೃಶ್ಯ, ಅದರ ಜೊತೆಗಿನ ಕಾಮೆಂಟರಿ ಬೇರೆಯವರದು. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಸಾರಕರಿಗೆ ಪ್ರತ್ಯೇಕ ಹಕ್ಕು ಕೊಡುತ್ತದೆ. ಪ್ರಸಾರವಾದ ಮರುವರ್ಷದಿಂದ ಎಣಿಸಿ 25 ವರ್ಷ. ಅಂದರೆ 2015ರ ಪ್ರಸಾರಕ್ಕೆ 2040ರ ಕೊನೆಯವರೆಗೆ. ‘ಹಳೇ ಪಂದ್ಯ, ಯಾರು ಕೇಳ್ತಾರೆ’ ಎಂಬ ನನ್ನ ಲೆಕ್ಕ ಅಲ್ಲಿಗೇ ಮುಗಿಯಿತು. ವರದಿ, ವಿಮರ್ಶೆಗೆ ತುಣುಕು ಬಳಸಲು 39ನೇ ಕಲಂ ಅವಕಾಶ ಕೊಡುತ್ತದೆ, ನಿಜ. ಆದರೆ ಇಷ್ಟು ಸೆಕೆಂಡಿನವರೆಗೆ ಸುರಕ್ಷಿತ ಎಂಬ ಗೆರೆಯನ್ನು ಕಾಯ್ದೆ ಎಲ್ಲೂ ಎಳೆದಿಲ್ಲ. ‘ಉದ್ದೇಶವಿಲ್ಲ’ ಎಂಬ ಸಾಲಿಗೆ ಯಾವ ಬಲವೂ ಇಲ್ಲ. ಯೂಟ್ಯೂಬಿನ ಹೋಲಿಕೆ ವ್ಯವಸ್ಥೆ ಚಿತ್ರ, ಧ್ವನಿಗಳನ್ನು ತಾಳೆ ನೋಡುತ್ತದೆಯೇ ಹೊರತು ನಮ್ಮ ವಿನಯವನ್ನಲ್ಲ.

ಇನ್ನೊಂದು ತಪ್ಪು ದಿನಾಂಕದ್ದು. ರಣಜಿ ಋತು ಎರಡು ವರ್ಷಗಳ ಮೇಲೆ ಹಬ್ಬುತ್ತದೆ. ನಾನು ಹೇಳಹೊರಟದ್ದು 2014-15ರ ಫೈನಲ್. ಅದು ನಡೆದದ್ದು 2015ರ ಮಾರ್ಚಿನಲ್ಲಿ. ಆದರೆ ಕರ್ನಾಟಕ 2014ರಲ್ಲೇ ಇನ್ನೊಂದು ಫೈನಲ್ ಆಡಿತ್ತು, ಹೈದರಾಬಾದಿನಲ್ಲಿ, ಮಹಾರಾಷ್ಟ್ರದ ವಿರುದ್ಧ, ಅದೂ ಗೆದ್ದಿತ್ತು. ನನ್ನ ‘ಫೈನಲ್ 2014’ ನೋಡಿದವರು ಆ ಪಂದ್ಯವೆಂದೇ ಓದುತ್ತಿದ್ದರು. ಎದುರಾಳಿಯ ಹೆಸರೂ ಶೀರ್ಷಿಕೆಯಲ್ಲಿರಲಿಲ್ಲ. ದಿನವೂ ಡೇಟಾಬೇಸಿನಲ್ಲಿ ದಿನಾಂಕ ಸರಿಮಾಡುವ ಕೆಲಸ ನನ್ನದು, ಕೈಗೆ ಸಿಕ್ಕಿದ್ದು ಮಾತ್ರ ಇದು!

‘ಫುಲ್ ಹೈಲೈಟ್ಸ್’ ಎಂಬುದಂತೂ ಸುಳ್ಳೇ. ಆ ಪದ ನೋಡಿ ಬಂದವನಿಗೆ ಬೇಕಿರುವುದು ಪ್ರಸಾರಕರ ದೃಶ್ಯ. ಸಿಗುವುದು ನನ್ನ ಗೊಗ್ಗರು ಧ್ವನಿ. ಹತ್ತು ಸೆಕೆಂಡಿನಲ್ಲಿ ಹೊರಟುಹೋಗುತ್ತಾನೆ. ‘ಅಫೀಶಿಯಲ್’, ‘ಲೈವ್’ ಎಂಬ ಪದಗಳೂ ಇದೇ ಜಾತಿಯವು. ಥಂಬ್‌ನೇಲ್‌ನಲ್ಲಿ ಚಾನೆಲಿನ ಲೋಗೊ ಅಂಟಿಸುವುದೂ ಅಷ್ಟೇ.

ದೃಶ್ಯ ತೆಗೆದು, ಸ್ಕೋರ್ ಪಟ್ಟಿ, ನನ್ನ ಮಾತು ಮಾತ್ರ ಇಟ್ಟುಕೊಂಡು ಮತ್ತೆ ಹಾಕಿದೆ. ಶೀರ್ಷಿಕೆಗೆ ಇರುವ ಮಿತಿ 100 ಅಕ್ಷರ. ಮೊಬೈಲಿನಲ್ಲಿ ಅಷ್ಟೂ ಕಾಣುವುದಿಲ್ಲ, ಹಾಗಾಗಿ ತಂಡಗಳ ಹೆಸರನ್ನು ಮೊದಲೇ ಇಟ್ಟೆ:

‘ಕರ್ನಾಟಕ–ತಮಿಳುನಾಡು, ರಣಜಿ ಫೈನಲ್, 8–12 ಮಾರ್ಚ್ 2015: ಪಂದ್ಯದ ಕಥೆ, ಸ್ಕೋರ್ ಸಹಿತ’

ವಿವರಣೆ ಹೀಗೆ:

‘2014-15ರ ರಣಜಿ ಟ್ರೋಫಿ ಫೈನಲ್, ವಾಂಖೆಡೆ ಕ್ರೀಡಾಂಗಣ, ಮುಂಬೈ. ತಮಿಳುನಾಡು 134 ಮತ್ತು 411, ಕರ್ನಾಟಕ 762. ಕರುಣ್ ನಾಯರ್ 328. ಕರ್ನಾಟಕಕ್ಕೆ ಇನಿಂಗ್ಸ್ ಮತ್ತು 217 ರನ್ ಜಯ. ಇದರಲ್ಲಿ ಪಂದ್ಯದ ಪ್ರಸಾರ ದೃಶ್ಯವಾಗಲಿ ಕಾಮೆಂಟರಿಯಾಗಲಿ ಇಲ್ಲ. ನಿರೂಪಣೆ, ಪಟ್ಟಿಗಳು ನಮ್ಮವು.’

ಗೆದ್ದವರ ಹೆಸರನ್ನು ಶೀರ್ಷಿಕೆಯಲ್ಲಿ ಬರೆದಿಲ್ಲ. ಹಳೆಯ ಪಂದ್ಯಕ್ಕೆ ಅದರ ಗೊಡವೆಯಿಲ್ಲ, ನಿನ್ನೆ ರಾತ್ರಿಯ ಪಂದ್ಯವಾದರೆ ಬೇಕು. ಕಚೇರಿಯಿಂದ ತಡವಾಗಿ ಬಂದು ಫಲಿತಾಂಶ ತಿಳಿಯದೆ ನೋಡಬೇಕೆಂದವರ ಶಾಪ ಯಾಕೆ?

ಈ ಸಲ ನೋಡುವವರು ಹಿಂದಿಗಿಂತ ಕಡಿಮೆ. ಆದರೆ ಬಂದವರು ಕೊನೆತನಕ ಕೂರುತ್ತಿದ್ದಾರೆ. ಸ್ಟ್ರೈಕಿನ 90 ದಿನಗಳೂ ಕಳೆದವು. ಅದನ್ನು ಹೇಳಲು ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ, ಮಕ್ಕಳ ಹಾಡುಗಳ ಪ್ರತಿಯೊಂದನ್ನು ಅವರಾಗಲೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡಿದ್ದರು.