"ನೂರಕ್ಕೆ ನೂರು ರಕ್ಷಣೆ" ಎನ್ನುವ ಸನ್‌ಸ್ಕ್ರೀನ್ ಸಂದೇಶವನ್ನು ಓದುವುದು ಹೇಗೆ?



ಏಪ್ರಿಲ್ ಬಂದರೆ ಸಾಕು, ವಡೋದರಾದ ಆಲ್ಕಾಪುರಿಯಾಗಲಿ, ಅಹಮದಾಬಾದ್, ಸೂರತ್ ಆಗಲಿ, ನಮ್ಮ ಗುಂಪುಗಳಲ್ಲಿ ಸನ್‌ಸ್ಕ್ರೀನ್ ಮಾರಾಟದ ಸಂದೇಶಗಳು ಶುರುವಾಗುತ್ತವೆ. ಕಳಿಸುವವರು ಹೆಚ್ಚಾಗಿ ನಮ್ಮವರೇ. ಮನೆಯಲ್ಲೇ ಕುಳಿತು ನಾಲ್ಕು ಕಾಸು ಸಂಪಾದಿಸುವ ಅಕ್ಕ ತಂಗಿಯರು. ಅವರ ವ್ಯಾಪಾರ ನಡೆಯಲಿ, ಅದರಲ್ಲಿ ತಪ್ಪಿಲ್ಲ. ಆದರೆ ಕಂಪನಿಯವರೋ ಮೇಲಿನ ಏಜೆಂಟರೋ ಬರೆದುಕೊಟ್ಟ ಮಾತನ್ನು ಹಾಗೇ ಮುಂದಕ್ಕೆ ಕಳಿಸಿದಾಗ ಓದಿದವರು ನಂಬಿ ನಡುಮಧ್ಯಾಹ್ನ ಬಿಸಿಲಿಗೆ ಇಳಿಯುತ್ತಾರೆ. ಅಂಥ ಒಂದು ಮಾದರಿ ಸಂದೇಶವನ್ನು ಇಲ್ಲಿ ಬಿಡಿಸಿ ನೋಡೋಣ.

"ಎಸ್‌ಪಿಎಫ್ 50! ನೂರಕ್ಕೆ ನೂರು ರಕ್ಷಣೆ. ಬೆಳಿಗ್ಗೆ ಒಮ್ಮೆ ಹಚ್ಚಿ, ಸಂಜೆವರೆಗೂ ಚಿಂತೆ ಬೇಡ. ಬಂಗು ಮಾಯ, ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲ. ಹಸುಗೂಸಿಗೂ ಸುರಕ್ಷಿತ. 50 ಗ್ರಾಂ ಟ್ಯೂಬು, ಎರಡು ತಿಂಗಳು ಬಾಳಿಕೆ."

*ನೂರಕ್ಕೆ ನೂರು ಎಂಬುದಿಲ್ಲ*

ಎಸ್‌ಪಿಎಫ್ ಎಂದರೆ ಚರ್ಮವನ್ನು ಕೆಂಪಾಗಿಸಿ ಸುಡುವ ಕಿರಣ (ಯುವಿ-ಬಿ) ಎಷ್ಟು ಪಾಲು ಒಳಗೆ ಹೋಗುತ್ತದೆ ಎಂಬ ಲೆಕ್ಕ. ಎಸ್‌ಪಿಎಫ್ 30 ಆದರೆ ಮೂವತ್ತರಲ್ಲಿ ಒಂದು ಪಾಲು ಒಳಗೆ ಹೋಗುತ್ತದೆ, ಅಂದರೆ ಸುಮಾರು ಶೇ. 97ರಷ್ಟು ತಡೆ. ಎಸ್‌ಪಿಎಫ್ 50 ಆದರೆ ಶೇ. 98ರಷ್ಟು. ಎಷ್ಟೇ ದೊಡ್ಡ ಸಂಖ್ಯೆ ಬರೆದರೂ ಅದು ನೂರನ್ನು ಮುಟ್ಟುವುದಿಲ್ಲ. ಚರ್ಮವನ್ನು ಕಪ್ಪಾಗಿಸುವ, ಬೇಗ ಸುಕ್ಕು ತರುವ ಇನ್ನೊಂದು ಕಿರಣ (ಯುವಿ-ಎ) ಈ ಲೆಕ್ಕದಲ್ಲಿ ಸೇರಿಲ್ಲ. ಅದಕ್ಕೆ ಟ್ಯೂಬಿನ ಮೇಲೆ ಪಿಎ+++ ಎಂಬಂಥ ಗುರುತು ಇದೆಯೇ ಎಂದು ನೋಡಬೇಕು. ಪ್ಲಸ್ ಹೆಚ್ಚಿದ್ದಷ್ಟೂ ಆ ಕಿರಣಕ್ಕೆ ತಡೆ ಹೆಚ್ಚು.

ಬರೆದಿರುವ ಸಂಖ್ಯೆಯೂ ಯಾವಾಗಲೂ ನಿಜವಾಗಿರುವುದಿಲ್ಲ. 2025ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಸಂಸ್ಥೆ ಚಾಯ್ಸ್ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆಗೆ ಕೊಟ್ಟಾಗ 16ರಲ್ಲಿ ಬರೆದಷ್ಟು ಎಸ್‌ಪಿಎಫ್ ಬರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲೂ ಲ್ಯಾಕ್ಮೆ ಜಾಹೀರಾತೊಂದು, ಆನ್‌ಲೈನ್‌ನಲ್ಲಿ ಚೆನ್ನಾಗಿ ಮಾರಾಟವಾಗುವ ಎಸ್‌ಪಿಎಫ್ 50 ಸನ್‌ಸ್ಕ್ರೀನಿನಲ್ಲಿ ಅಷ್ಟು ಎಸ್‌ಪಿಎಫ್ ಇಲ್ಲ ಎಂಬರ್ಥದಲ್ಲಿ ಬಂತು. ಡರ್ಮಾ ಕೋ ಬ್ರಾಂಡಿನ ಹೊನಾಸಾ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಜಾಹೀರಾತನ್ನು ಬದಲಿಸಲು ಹಿಂದೂಸ್ತಾನ್ ಯೂನಿಲಿವರ್ ಒಪ್ಪಿತು. ದೊಡ್ಡ ಕಂಪನಿಗಳೇ ಒಂದು ಸಂಖ್ಯೆಗಾಗಿ ಕೋರ್ಟಿನಲ್ಲಿ ಜಗಳವಾಡುತ್ತವೆ ಎಂದಮೇಲೆ, ನಾವು ಆ ಸಂಖ್ಯೆಯನ್ನು ಗ್ಯಾರಂಟಿ ಎಂದು ಕೊಡುವುದು ಸರಿಯಲ್ಲ.

*ಬೆಳಿಗ್ಗೆ ಒಮ್ಮೆ ಹಚ್ಚಿದರೆ ಸಾಲದು*

ಬೆವರು, ಒರೆಸಿಕೊಳ್ಳುವ ಕರವಸ್ತ್ರ, ಗಾಡಿಯಲ್ಲಿ ಹೋಗುವಾಗ ಮುಖಕ್ಕೆ ಕಟ್ಟಿದ ದುಪಟ್ಟಾ, ಇವೆಲ್ಲ ಹಚ್ಚಿದ್ದನ್ನು ತೆಗೆದುಬಿಡುತ್ತವೆ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಮೆರಿಕದ ಔಷಧ ಇಲಾಖೆ 2011ರಲ್ಲೇ "ವಾಟರ್‌ಪ್ರೂಫ್", "ಸ್ವೆಟ್‌ಪ್ರೂಫ್" ಎಂಬ ಪದಗಳನ್ನು ಸನ್‌ಸ್ಕ್ರೀನಿನ ಮೇಲೆ ಬಳಸಬಾರದು ಎಂದಿತು. ನೀರಿನಲ್ಲಿ 40 ಅಥವಾ 80 ನಿಮಿಷ ತಡೆಯುತ್ತದೆ ಎಂದು ಪರೀಕ್ಷೆಯಾಗಿದ್ದರೆ ಅಷ್ಟನ್ನೇ ಹೇಳಬೇಕು.

*ಎರಡು ತಿಂಗಳ ಬಾಳಿಕೆಯ ಲೆಕ್ಕ*

ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ದೊಡ್ಡವರ ಮುಖ, ಕತ್ತು ಸೇರಿ ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಮ್ಮೆ ಹಚ್ಚಲು 1.2 ಗ್ರಾಂ ಬೇಕು. ಅಂದಾಜಿಗೆ ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು.

ಆಲ್ಕಾಪುರಿಯಿಂದ ಮಕರಪುರ ಜಿಐಡಿಸಿಗೆ ದಿನವೂ ಗಾಡಿಯಲ್ಲಿ ಹೋಗಿ ಬರುವ ಒಬ್ಬರು ಬೆಳಿಗ್ಗೆ ಒಮ್ಮೆ, ವಾಪಸ್ ಹೊರಡುವಾಗ ಒಮ್ಮೆ ಹಚ್ಚಿದರೆ ದಿನಕ್ಕೆ 2.4 ಗ್ರಾಂ. 50 ಗ್ರಾಂ ಟ್ಯೂಬು ಸುಮಾರು 20 ದಿನಕ್ಕೆ ಖಾಲಿ. ಕೈಗೂ ಹಚ್ಚಿದರೆ ಇನ್ನೂ ಬೇಗ. ಅದೇ ಟ್ಯೂಬು ಎರಡು ತಿಂಗಳು ಬಂದರೆ ಮೂರನೇ ಒಂದು ಪಾಲು ಮಾತ್ರ ಹಚ್ಚಿದಂತೆ. ಆಗ ಎಸ್‌ಪಿಎಫ್ 50ರ ಫಲ ಸಿಗುವುದಿಲ್ಲ. ಹಾಗಾಗಿ ಕೊಳ್ಳುವಾಗ ಟ್ಯೂಬಿನ ಬೆಲೆಯಲ್ಲ, ತಿಂಗಳಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ. ದಿನವೂ ಸಾಕಷ್ಟು ಹಚ್ಚಲು ಕೈಗೆಟುಕುವ ಸಾಧಾರಣ ಸನ್‌ಸ್ಕ್ರೀನು, ಜಿಪುಣತನದಿಂದ ಸವರುವ ದುಬಾರಿ ಸನ್‌ಸ್ಕ್ರೀನಿಗಿಂತ ಮೇಲು.

*ಕಾಯಿಲೆಯ ಮಾತು ಬೇಡ*

ನಮ್ಮ ದೇಶದ ಕಾನೂನಿನಲ್ಲಿ ಸನ್‌ಸ್ಕ್ರೀನ್ ಸಾಮಾನ್ಯವಾಗಿ ಔಷಧವಲ್ಲ, ಸೌಂದರ್ಯವರ್ಧಕ. ಬಂಗು ವಾಸಿ, ಕ್ಯಾನ್ಸರ್ ಬರುವುದಿಲ್ಲ ಎನ್ನುವುದು ಔಷಧಕ್ಕೆ ಸಲ್ಲುವ ಮಾತು. ಬಂಗು ಇರುವವರಿಗೆ ಬಿಸಿಲು ತಡೆಯಿರಿ ಎಂದು ವೈದ್ಯರು ಹೇಳುವುದು ನಿಜ, ಆದರೆ ಬಿಸಿಲು ತಡೆಯುವುದು ಬೇರೆ, ಕಲೆ ಮಾಯ ಮಾಡುವುದು ಬೇರೆ. ವಾರದಲ್ಲಿ ಬಿಳುಪು ಮಾಡುತ್ತೇವೆ ಎನ್ನುವ ಹೆಸರಿಲ್ಲದ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅವನ್ನು ಮುಟ್ಟಬೇಡಿ. ಇನ್ನು ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನಿಗಿಂತ ನೆರಳು, ಟೊಪ್ಪಿ, ತೆಳು ಹತ್ತಿ ಬಟ್ಟೆಯೇ ಸರಿ.

ಒಂದು ಮಾತು ಮುಖ್ಯ. ಸನ್‌ಸ್ಕ್ರೀನ್ ಶಾಖವನ್ನು ತಡೆಯುವುದಿಲ್ಲ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಅಂಥ ದಿನ ಎಷ್ಟು ಹಚ್ಚಿದರೂ ಬಿಸಿಲಾಘಾತ ತಪ್ಪುವುದಿಲ್ಲ. ವಡೋದರಾ ಬೆಂಗಳೂರಿಗಿಂತ ಪಶ್ಚಿಮಕ್ಕಿರುವುದರಿಂದ ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12.30 ದಾಟಿದ ಮೇಲೆ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ನೆರಳು, ನೀರು, ಛತ್ರಿ, ತೋಳು ಮುಚ್ಚುವ ಬಟ್ಟೆ ಮೊದಲು. ಸನ್‌ಸ್ಕ್ರೀನ್ ಆಮೇಲೆ.

*ಹಾಗಾದರೆ ಸಂದೇಶ ಹೇಗಿರಬೇಕು?*

ಮಾರುವ ಅಕ್ಕಂದಿರು ಹೀಗೆ ಬರೆಯಬಹುದು:

"ಎಸ್‌ಪಿಎಫ್ 50, ಪಿಎ+++ ಸನ್‌ಸ್ಕ್ರೀನ್, 50 ಗ್ರಾಂ. ಹೊರಗೆ ಹೋಗುವ 15 ನಿಮಿಷ ಮೊದಲು ಎರಡು ಬೆರಳಿನಷ್ಟು ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ದಿನಕ್ಕೆರಡು ಸಲ ಮುಖ, ಕತ್ತಿಗೆ ಹಚ್ಚಿದರೆ ಸುಮಾರು 20 ದಿನ ಬರುತ್ತದೆ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಚರ್ಮದ ತೊಂದರೆ ಇದ್ದವರು ವೈದ್ಯರನ್ನು ಕೇಳಿ. ಛತ್ರಿ, ದುಪಟ್ಟಾ ಬಿಡಬೇಡಿ."

ಇದರಲ್ಲಿ ಆಸೆ ಹುಟ್ಟಿಸುವ ಮಾತಿಲ್ಲ, ಆದರೆ ಕೊಂಡವರು ತಿಂಗಳ ನಂತರ ಬಂದು ಜಗಳವಾಡುವ ಮಾತೂ ಇಲ್ಲ.

ಕೊಳ್ಳುವವರು ಟ್ಯೂಬಿನ ಮೇಲೆ ತಯಾರಕರ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚ್, ಅವಧಿ ಮುಗಿಯುವ ತಿಂಗಳು ಇದೆಯೇ ನೋಡಿ. ಡಬ್ಬಿಗೆ ತುಂಬಿ ಬಿಡಿಯಾಗಿ ಕೊಟ್ಟದ್ದು ಬೇಡ. ಕೊಂಡದ್ದನ್ನು ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಆ ಶಾಖಕ್ಕೆ ಕೆಡುತ್ತದೆ. ನೀರು, ಕ್ರೀಮು ಬೇರೆಯಾಗಿ ಬಂದರೆ ಅಥವಾ ವಾಸನೆ ಬದಲಾದರೆ ಎಸೆಯಿರಿ. ಸುಳ್ಳು ಜಾಹೀರಾತು ಕಂಡರೆ ಸ್ಕ್ರೀನ್‌ಶಾಟ್, ಬಿಲ್ಲು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ನಿಮ್ಮ ಗುಂಪಿನಲ್ಲಿ ಸನ್‌ಸ್ಕ್ರೀನ್ ಮಾರುವವರಿದ್ದರೆ ಈ ಲೇಖನವನ್ನು ಅವರಿಗೂ ಕಳಿಸಿಕೊಡಿ.