ನಡುರಾತ್ರಿ ಎದ್ದು ನಿಲ್ಲುವ ಮಗು

9 ತಿಂಗಳ ಆಸುಪಾಸಿನ ಮಗು ನಡುರಾತ್ರಿ ಮಂಚದ ಕಟಕಟೆ ಹಿಡಿದು ಎದ್ದು ನಿಲ್ಲುತ್ತದೆ. ಆಮೇಲೆ ಜೋರಾಗಿ ಅಳುತ್ತದೆ. ಹಾಲು ಕೊಟ್ಟರೆ ಬೇಡ. ಅದರ ಕಷ್ಟವೇ ಬೇರೆ: ಏಳಲು ಬರುತ್ತದೆ, ಮರಳಿ ಕೂರಲು ಬರುವುದಿಲ್ಲ.

ಎಳೆಗೂಸುಗಳು ರಾತ್ರಿ ಹಲವು ಸಲ ಅರೆ ಎಚ್ಚರಗೊಂಡು ಮತ್ತೆ ನಿದ್ದೆಗೆ ಜಾರುತ್ತವೆ. ಹೊಸದಾಗಿ ಕಲಿತದ್ದು ಆ ಅರೆ ಎಚ್ಚರದಲ್ಲೂ ಮೈಯನ್ನು ಎಬ್ಬಿಸುತ್ತದೆ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಅನತ್ ಶೆರ್ ಅಂಬೆಗಾಲಿನ ಮಕ್ಕಳನ್ನು ಗಮನಿಸಿದಾಗ, ಆ ಹಂತದಲ್ಲಿ ರಾತ್ರಿಯ ಎಚ್ಚರ ಹೆಚ್ಚಿ, ಸುಮಾರು 3 ತಿಂಗಳೊಳಗೆ ನಿದ್ದೆ ಮೊದಲಿನಂತಾಯಿತು. ಎಲ್ಲ ಮಕ್ಕಳಿಗೂ ಅಷ್ಟು ಕಾಲ ಬೇಕೆಂದಿಲ್ಲ.

ಕೂರುವ ಪಾಠ ಹಗಲಿನದು. ನಿಂತ ಮಗುವಿನ ಕಾಲ ಬಳಿ ಆಟಿಕೆಯಿಟ್ಟು, ಸೊಂಟ ಹಿಡಿದು, ಮಂಡಿ ಮಡಚಿ ಇಳಿಯಲು ಬಿಡಬೇಕು. ದಿನಕ್ಕೆ ಹಲವು ಸಲ ಮಾಡಿದರೆ ಅದೇ ಇಳಿಯುತ್ತದೆ. ರಾತ್ರಿ ಮಾತ್ರ ದೀಪ ಹಾಕದೆ, ಹೆಚ್ಚು ಮಾತಾಡದೆ ಮಲಗಿಸಿ ಸ್ವಲ್ಪ ಕಾಯುವುದು. ಹತ್ತು ಸಲ ಮಲಗಿಸುತ್ತಾ ಹೋದರೆ ಮಗುವಿಗೆ ಅದೇ ಆಟವಾಗುತ್ತದೆ.

ಎದ್ದು ನಿಲ್ಲುವ ಮಗುವಿಗೆ ತೊಟ್ಟಿಲು ಸುರಕ್ಷಿತವಲ್ಲ, ಉರುಳಿ ಬೀಳಬಹುದು. ಮಂಚದ ಹಾಸಿಗೆಯನ್ನೂ ತಗ್ಗಿಸಬೇಕು. ಜ್ವರ ಬಂದರೆ, ಮಗು ಹಗಲೂ ಸಪ್ಪಗಿದ್ದರೆ ಕಾರಣ ಬೇರೆಯಿರಬಹುದು, ವೈದ್ಯರಿಗೆ ತೋರಿಸಬೇಕು.